ಅಳತೆಯೇ ಇಲ್ಲದ ಲೇಖನಕ್ಕೆ ‘ಫಲಿತಾಂಶ’ ಎಲ್ಲಿಂದ ತರುವುದು? ಸಾರಾಂಶ ತಿದ್ದಿದವರ ಅನುಭವಗಳು

ಕೇಳಿದವರು:
ಅನುವಾದಕರು ತಮ್ಮ ಪುಸ್ತಕಗಳಿಗೆ ಬರೆದ 32 ಮುನ್ನುಡಿಗಳನ್ನು ಓದಿ ಒಂದು ಲೇಖನ ಬರೆದಿದ್ದೇನೆ. ಅವರಲ್ಲಿ ಹೆಚ್ಚಿನವರು ಓದುಗರ ಕ್ಷಮೆ ಕೇಳುತ್ತಾರೆ. ಯಾಕೆ ಕೇಳುತ್ತಾರೆ ಎನ್ನುವುದೇ ನನ್ನ ವಿಷಯ. ಜರ್ನಲ್‌ನವರು ‘ಸಾರಾಂಶದಲ್ಲಿ ಫಲಿತಾಂಶ ಇಲ್ಲ, 200 ಪದದೊಳಗೆ ತಿದ್ದಿ ಕಳಿಸಿ’ ಅಂದಿದ್ದಾರೆ. ನಾನು ಏನನ್ನೂ ಅಳೆದಿಲ್ಲ, ನನ್ನಲ್ಲಿರುವುದು ವಾದ. ಫಲಿತಾಂಶ ಅಂತ ಏನು ಬರೆಯಲಿ? ಈಗಿರುವುದು ಇದು:

“ಅನುವಾದಕರ ಮುನ್ನುಡಿಗಳಿಗೆ ಸಾಹಿತ್ಯದ ಅಧ್ಯಯನದಲ್ಲಿ ಮಹತ್ವದ ಸ್ಥಾನವಿದೆ. ಈ ಲೇಖನವು ಅಂಥ ಮುನ್ನುಡಿಗಳಲ್ಲಿ ಕಾಣುವ ಕ್ಷಮೆಯಾಚನೆಯನ್ನು ಪರಿಶೀಲಿಸುತ್ತದೆ. ವಿನಯ, ಅಧಿಕಾರ ಮತ್ತು ಓದುಗರ ನಡುವಿನ ಸಂಕೀರ್ಣ ಸಂಬಂಧವನ್ನು ಚರ್ಚಿಸಿ, ಅನುವಾದಕರ ಅಸ್ಮಿತೆಯ ಮೇಲೆ ಹೊಸ ಬೆಳಕು ಚೆಲ್ಲುತ್ತದೆ.”

ಇತಿಹಾಸದಲ್ಲಿ ಕೆಲಸ ಮಾಡುವವರು:
ನನಗೂ ಹೀಗೇ ಆಗಿತ್ತು. ನನ್ನದು ಹಳೆಯ ಅರ್ಜಿಗಳ ಮೇಲಿನ ಲೇಖನ. ನಾನು ಕೂತು ಎಣಿಸಿದೆ. ಎಷ್ಟು ಅರ್ಜಿ, ಎಷ್ಟರಲ್ಲಿ ದೂರು, ಎಷ್ಟರಲ್ಲಿ ಬೇಡಿಕೆ ಅಂತ ಹಾಕಿದೆ, ಒಪ್ಪಿಕೊಂಡರು. ನಿಮ್ಮಲ್ಲೂ 32 ಮುನ್ನುಡಿ ಇವೆಯಲ್ಲ, ಎಷ್ಟರಲ್ಲಿ ಕ್ಷಮೆ ಇದೆ ಅಂತ ಎಣಿಸಿ ಹಾಕಿ. ಅದೇ ಫಲಿತಾಂಶ.

ಪಿಎಚ್‌ಡಿ ಮಾಡುತ್ತಿರುವವರು:
ಎಣಿಕೆ ಬೇಕಾಗಿಲ್ಲ ಅನ್ನಿಸುತ್ತದೆ ಸರ್. ತೊಂದರೆ ಇರುವುದು ಕ್ರಿಯಾಪದಗಳಲ್ಲಿ. ನನ್ನ ಗೈಡ್ ಹೇಳಿಕೊಟ್ಟದ್ದು ಇಷ್ಟೇ: ‘ಪರಿಶೀಲಿಸುತ್ತದೆ’, ‘ಚರ್ಚಿಸುತ್ತದೆ’, ‘ಬೆಳಕು ಚೆಲ್ಲುತ್ತದೆ’ ಇದ್ದ ಕಡೆಯೆಲ್ಲ ‘ವಾದಿಸುತ್ತದೆ’ ಅಂತ ಹಾಕು. ನಾನು ಹಾಗೇ ಮಾಡಿದೆ, ಎರಡನೇ ಸಲಕ್ಕೆ ದಾಟಿತು. ಐದು ನಿಮಿಷದ ಕೆಲಸ.

ಕೇಳಿದವರು:
ಪ್ರಯತ್ನಿಸಿದೆ ಮೇಡಂ. “ಅನುವಾದಕರ ಕ್ಷಮೆಯಾಚನೆ ಒಂದು ಸಂಕೀರ್ಣ ಕ್ರಿಯೆ ಎಂದು ಈ ಲೇಖನ ವಾದಿಸುತ್ತದೆ.” ಇದು ಸರಿಯಾ? ನನಗೇ ಏನೋ ಖಾಲಿ ಅನ್ನಿಸುತ್ತಿದೆ.

ಹಲವು ವರ್ಷ ಜರ್ನಲ್‌ಗಳಿಗೆ ಲೇಖನ ನೋಡಿಕೊಟ್ಟವರು:
ಖಾಲಿ ಅನ್ನಿಸಿದ್ದು ಸರಿಯಾಗಿಯೇ ಇದೆ. ಆದರೆ ಕ್ರಿಯಾಪದ ಬದಲಾಯಿಸಿ ಅಂದ ಸಲಹೆಯಲ್ಲಿ ಅರ್ಧ ಸತ್ಯ ಇದೆ, ಅದನ್ನು ಬಿಡಬೇಡಿ. ‘ಚರ್ಚಿಸುತ್ತದೆ’ ಹಿಂದೆ ‘ಬಗ್ಗೆ’ ಬಂದರೆ ಸಾಕು, ಒಂದು ಹೆಸರು ಇಟ್ಟರೆ ವಾಕ್ಯ ನಿಲ್ಲುತ್ತದೆ. ‘ಕ್ಷಮೆಯ ಬಗ್ಗೆ ಚರ್ಚಿಸುತ್ತದೆ.’ ಏನನ್ನೂ ಹೇಳದೆ ವಾಕ್ಯ ಮುಗಿಯಿತು. ‘ವಾದಿಸುತ್ತದೆ’ ಅಂದರೆ ಅದರ ಹಿಂದೆ ‘ಎಂದು’ ಬರಬೇಕು. ‘ಎಂದು’ ಹಿಂದೆ ಬರೀ ಹೆಸರು ಕೂರುವುದಿಲ್ಲ, ಪೂರ್ತಿ ಒಂದು ಮಾತು ಬೇಕಾಗುತ್ತದೆ. ನಾನು ಯಾರ ಸಾರಾಂಶ ನೋಡಿದರೂ ಮೊದಲು ಮಾಡುವುದು ಇದನ್ನೇ. ‘ಬಗ್ಗೆ’ಯ ವಾಕ್ಯ ಎಷ್ಟು, ‘ಎಂದು’ ವಾಕ್ಯ ಎಷ್ಟು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ನಿಮ್ಮ ಮೊದಲ ಸಾರಾಂಶದಲ್ಲಿ ಒಂದೂ ‘ಎಂದು’ ಇಲ್ಲ.

ಆದರೆ ‘ಎಂದು’ ಬಂದ ಮೇಲೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಆ ಮಾತನ್ನು ‘ಇಲ್ಲ’ ಅನ್ನುವವರು ಯಾರಾದರೂ ಇದ್ದಾರಾ? ‘ಕ್ಷಮೆಯಾಚನೆ ಸಂಕೀರ್ಣ’ ಅಂದರೆ ‘ಅಲ್ಲ, ಸರಳ’ ಅಂತ ವಾದಕ್ಕೆ ಬರುವವರು ಯಾರೂ ಇರಲಿಕ್ಕಿಲ್ಲ. ಯಾರೂ ಅಲ್ಲಗಳೆಯದ ಮಾತು ವಾದವಲ್ಲ. ಸಂಕೀರ್ಣ, ಬಹುಮುಖಿ, ಮಹತ್ವದ್ದು, ಕುತೂಹಲಕರ, ಈ ನಾಲ್ಕು ಪದ ಕಂಡಲ್ಲಿ ನಿಂತು ಒಳಗೆ ಏನಿದೆ ಅಂತ ನೋಡಿ. ಹೆಚ್ಚಿನ ಸಲ ಅಲ್ಲಿ ಹೇಳಬೇಕಾದ ಮಾತನ್ನು ಮುಚ್ಚಿಟ್ಟಿರುತ್ತೇವೆ.

ಫಲಿತಾಂಶ ಎಂಬ ಪದಕ್ಕೆ ಗಾಬರಿ ಬೇಡ. ಹಿನ್ನೆಲೆ, ವಿಧಾನ, ಫಲಿತಾಂಶ, ತೀರ್ಮಾನ ಅಂತ ಸಾರಾಂಶವನ್ನು ಉಪಶೀರ್ಷಿಕೆಗಳಲ್ಲಿ ಬರೆಯುವ ಪದ್ಧತಿ ವೈದ್ಯಕೀಯ ಜರ್ನಲ್‌ಗಳಲ್ಲಿ 1987ರ ಪ್ರಸ್ತಾಪದ ನಂತರ ಬೇರೂರಿತು. ಅದರ ಭಾಷೆ ನಮ್ಮ ಕಡೆಗೂ ಬಂದಿದೆ. ನಮ್ಮ ಲೇಖನದಲ್ಲಿ ಫಲಿತಾಂಶ ಅಂದರೆ ಓದಿ ಮುಗಿಸಿದವರು ಈಗ ಹೊಸದಾಗಿ ಏನನ್ನು ನಂಬಬೇಕು ಅನ್ನುವುದು.

ಅದು ನಿಮ್ಮ ಲೇಖನದಲ್ಲಿ ಎಲ್ಲಿದೆ ಅಂತ ಹುಡುಕಿ. ಮೊದಲ ಪುಟದಲ್ಲಿ ಹುಡುಕಬೇಡಿ. ವಾದ ಬರೆಯುತ್ತಾ ಬರೆಯುತ್ತಾ ಹುಟ್ಟುತ್ತದೆ, ಹಾಗಾಗಿ ಕೊನೆಯ ಎರಡು ಮೂರು ಪ್ಯಾರಾಗಳಲ್ಲಿ ಕೂತಿರುತ್ತದೆ. ಇನ್ನೊಂದು ಅನುಮಾನ: ಈ ಸಾರಾಂಶವನ್ನು ನೀವು ಯಾವುದೋ ಸೆಮಿನಾರಿಗೆ, ಲೇಖನ ಬರೆಯುವ ಮೊದಲೇ ಕೊಟ್ಟಿದ್ದಿರಾ?

ಕೇಳಿದವರು:
ಹೌದು ಸರ್! ಸೆಮಿನಾರಿಗೆ ಬರೆದದ್ದೇ. ‘ಪರಿಶೀಲಿಸಲಿದೆ’ ಅಂತ ಇತ್ತು, ಅದನ್ನು ‘ಪರಿಶೀಲಿಸುತ್ತದೆ’ ಅಂತ ಮಾಡಿ ಕಳಿಸಿದ್ದೆ.

ಕೊನೆಯ ಪ್ಯಾರಾ ಓದಿದೆ. ಅಲ್ಲಿ ಹೀಗೆ ಬರೆದಿದ್ದೇನೆ: 21 ಮುನ್ನುಡಿಗಳಲ್ಲಿ ಅನುವಾದಕರು ಸುಮ್ನೆ ಕ್ಷಮೆ ಕೇಳುವುದಿಲ್ಲ. ಈ ಶ್ಲೇಷೆ ತರಲಾಗಲಿಲ್ಲ, ಈ ಛಂದಸ್ಸು ಬಿಟ್ಟುಹೋಯಿತು ಅಂತ ಒಂದೊಂದಾಗಿ ಪಟ್ಟಿ ಕೊಡುತ್ತಾರೆ. ಏನು ಕಳೆದುಹೋಯಿತು ಎಂದು ಹೇಳಬೇಕಾದರೆ ಮೂಲ ಗೊತ್ತಿರಬೇಕು. ಓದುಗರಿಗೆ ಗೊತ್ತಿಲ್ಲ. ಅಂದರೆ ಕ್ಷಮೆ ಕೇಳುವಾಗಲೇ ಅನುವಾದಕರು ಮೂಲಕ್ಕೆ ತಾವೊಬ್ಬರೇ ಸಾಕ್ಷಿ ಆಗಿಬಿಡುತ್ತಾರೆ.

ಇನ್ನು 7ರಲ್ಲಿ ‘ನನ್ನ ಅಲ್ಪಮತಿ’ ಥರದ ಸಾಮಾನ್ಯ ಕ್ಷಮೆ ಇದೆ. 4ರಲ್ಲಿ ಕ್ಷಮೆಯೇ ಇಲ್ಲ. ಆ ನಾಲ್ಕೂ ಮೊದಲೇ ಅನುವಾದವಾಗಿದ್ದ ಕೃತಿಗಳ ಹೊಸ ಅನುವಾದಗಳು. ಅವರು ಹಿಂದಿನ ಅನುವಾದದ ತಪ್ಪು ತೋರಿಸುತ್ತಾರೆ.

ಹಲವು ವರ್ಷ ಜರ್ನಲ್‌ಗಳಿಗೆ ಲೇಖನ ನೋಡಿಕೊಟ್ಟವರು:
ನೋಡಿ, ನಿಮ್ಮ ಫಲಿತಾಂಶ ಸಿಕ್ಕಿತು. ‘ಕ್ಷಮೆ ಕೇಳುವಾಗಲೇ ಮೂಲಕ್ಕೆ ಸಾಕ್ಷಿ ಆಗುತ್ತಾರೆ.’ ಇದನ್ನು ‘ಇಲ್ಲ’ ಅನ್ನುವವರು ಇದ್ದಾರೆ. ಅದು ಬರೀ ವಿನಯದ ಸಂಪ್ರದಾಯ, ಎಲ್ಲರೂ ಹಾಗೇ ಬರೆಯುತ್ತಾರೆ ಅನ್ನುವ ಓದುಗರು ನಿಮ್ಮೆದುರು ನಿಲ್ಲುತ್ತಾರೆ. ಆ ಎದುರಾಳಿಯನ್ನೂ ಸಾರಾಂಶದಲ್ಲಿ ಒಂದು ವಾಕ್ಯದಲ್ಲಿ ತನ್ನಿ. ‘ಮಹತ್ವದ ಸ್ಥಾನವಿದೆ’ ಅನ್ನುವ ಮೊದಲ ವಾಕ್ಯ ತೆಗೆದರೆ ಅಲ್ಲೇ ಜಾಗ ಸಿಗುತ್ತದೆ.

ಎಣಿಕೆ ಬಗ್ಗೆ ಮೇಲೆ ಒಬ್ಬರು ಹೇಳಿದರಲ್ಲ. 21 ಅನ್ನುವುದು ಫಲಿತಾಂಶ ಅಲ್ಲ, ಅದು ಆಧಾರ. 32ರಲ್ಲಿ 21 ಅಂತ ಹೇಳಿ ನಿಲ್ಲಿಸಿದರೆ ಓದುವವರು ‘ಸರಿ, ಅದಕ್ಕೇನೀಗ?’ ಅನ್ನುತ್ತಾರೆ. ಆದರೆ ಸಂಖ್ಯೆ ಇದ್ದರೆ ಓದಿನ ವ್ಯಾಪ್ತಿ ತಿಳಿಯುತ್ತದೆ, ಹಾಗಾಗಿ ವಾದದ ಪಕ್ಕದಲ್ಲಿ ಇಡಿ.

ಕೊನೆಗೆ ಕ್ರಿಯಾಪದಗಳು. ಪುಟದ ಮೇಲೆ ಕಣ್ಣಿಗೆ ಕಾಣುವುದಕ್ಕೆ ‘ತೋರಿಸುತ್ತದೆ’ ಅನ್ನಿ. ಪಟ್ಟಿ ಇದೆ ಅನ್ನುವುದು ಅಂಥದ್ದು. ಅದರ ಅರ್ಥ ಏನು ಅನ್ನುವುದಕ್ಕೆ ‘ವಾದಿಸುತ್ತದೆ’ ಅನ್ನಿ. ‘ಸಾಬೀತುಪಡಿಸುತ್ತದೆ’ ಬೇಡವೇ ಬೇಡ. ಆ ಒಂದು ಪದ ಕಂಡರೆ ರಿವ್ಯೂವರ್ ಲೇಖನ ಪೂರ್ತಿ ಅದರ ಅಳತೆಯಲ್ಲೇ ಓದುತ್ತಾರೆ.

ಇತಿಹಾಸದಲ್ಲಿ ಕೆಲಸ ಮಾಡುವವರು:
ಒಪ್ಪುತ್ತೇನೆ, ನನ್ನದರಲ್ಲಿ ಎಣಿಕೆಯೇ ವಾದವಾಗಿತ್ತು. ದೂರಿಗಿಂತ ಬೇಡಿಕೆ ಜಾಸ್ತಿ ಅನ್ನುವುದೇ ನನ್ನ ಮಾತು. ಇವರದು ಬೇರೆ, ನಾನು ಅದನ್ನು ಗಮನಿಸಲಿಲ್ಲ.

ತತ್ವಶಾಸ್ತ್ರ ಓದಿಸುವವರು:
ನನಗೆ ಈ ಇಡೀ ದಾರಿಯ ಬಗ್ಗೆ ಸ್ವಲ್ಪ ತಕರಾರು ಇದೆ. ಎಲ್ಲ ಲೇಖನಗಳೂ ಒಂದು ‘ಎಂದು’ ವಾಕ್ಯಕ್ಕೆ ಇಳಿಯುವುದಿಲ್ಲ. ಒಂದು ಪಠ್ಯವನ್ನು ನಿಧಾನವಾಗಿ ಓದಿ ತೋರಿಸುವ ಲೇಖನಗಳಿವೆ, ಅಲ್ಲಿ ಓದಿನ ನಡಿಗೆಯೇ ಮುಖ್ಯ. ಅಂಥದ್ದರ ತೀರ್ಮಾನವನ್ನು ಸಾರಾಂಶದಲ್ಲಿ ಮೊದಲೇ ಹೇಳಿದರೆ ಲೇಖನ ಅದಕ್ಕೆ ಬರೀ ಪುರಾವೆ ಒದಗಿಸುವ ಕೆಲಸದ ಹಾಗೆ ಕಾಣುತ್ತದೆ. ನಾನು ಅಂಥ ಕಡೆ ವಾದದ ಬದಲು ತಿರುವನ್ನು ಹೇಳುತ್ತೇನೆ: ‘ಮೊದಲು ಹೀಗೆ ಕಾಣುವ ವಾಕ್ಯ, ಈ ಪದವನ್ನು ಗಮನಿಸಿದಾಗ ಹೀಗೆ ಕಾಣುತ್ತದೆ’ ಅಂತ.

ಹಲವು ವರ್ಷ ಜರ್ನಲ್‌ಗಳಿಗೆ ಲೇಖನ ನೋಡಿಕೊಟ್ಟವರು:
ತಿರುವನ್ನು ಹೇಳುವುದು ಒಳ್ಳೆಯ ಉಪಾಯ. ಆದರೆ ‘ಹೀಗೆ ಕಾಣುತ್ತದೆ’ ಅಂದಮೇಲೆ ಅಲ್ಲೂ ಒಂದು ‘ಎಂದು’ ಅಡಗಿದೆ ಅಂತ ನನ್ನ ನಂಬಿಕೆ. ಸಾರಾಂಶ ಓದುವವರಲ್ಲಿ ಎಷ್ಟೋ ಜನ ಲೇಖನ ತೆರೆಯುವುದೇ ಇಲ್ಲ. ಅವರಿಗೂ ಮಾತು ತಲುಪಬೇಕು.

ತತ್ವಶಾಸ್ತ್ರ ಓದಿಸುವವರು:
ತೆರೆಯದವರಿಗಾಗಿ ಬರೆಯಬೇಕಾ ಅನ್ನುವುದೇ ನನ್ನ ಪ್ರಶ್ನೆ. ಇರಲಿ, ಇವರ ಲೇಖನಕ್ಕೆ ನೀವು ಹೇಳಿದ್ದು ಹೊಂದುತ್ತದೆ.

ಕೇಳಿದವರು:
ಎರಡು ದಿನ ಕೂತು ಹೀಗೆ ಮಾಡಿದೆ:

“ಅನುವಾದಕರು ಮುನ್ನುಡಿಯಲ್ಲಿ ಕೇಳುವ ಕ್ಷಮೆಯನ್ನು ಸಾಮಾನ್ಯವಾಗಿ ವಿನಯದ ಸಂಪ್ರದಾಯವೆಂದು ಓದಲಾಗುತ್ತದೆ. ಅದು ಅಧಿಕಾರವನ್ನು ಪಡೆಯುವ ಬಗೆಯೂ ಹೌದು ಎಂದು ಈ ಲೇಖನ ವಾದಿಸುತ್ತದೆ. 32 ಮುನ್ನುಡಿಗಳಲ್ಲಿ ಕ್ಷಮೆಯ ಮಾತು ಎಲ್ಲಿ ಬರುತ್ತದೆ, ಯಾವುದಕ್ಕಾಗಿ ಬರುತ್ತದೆ ಎಂಬುದನ್ನು ಹತ್ತಿರದಿಂದ ಓದಿ, ಅವುಗಳಲ್ಲಿ 21 ಮುನ್ನುಡಿಗಳು ಕಳೆದುಹೋದ ಶ್ಲೇಷೆ, ಛಂದಸ್ಸು, ಗಾದೆಗಳನ್ನು ಹೆಸರಿಸಿ ಕ್ಷಮೆ ಕೇಳುತ್ತವೆ ಎಂದು ತೋರಿಸುತ್ತದೆ. ಮೂಲವನ್ನು ಓದಲಾರದವರಿಗೆ ಈ ಪಟ್ಟಿಯೇ ಮೂಲದ ಬಗೆಗಿನ ಏಕೈಕ ಸಾಕ್ಷ್ಯವಾಗುತ್ತದೆ, ಅದನ್ನು ಕೊಟ್ಟವರು ಏಕೈಕ ಸಾಕ್ಷಿಯಾಗುತ್ತಾರೆ. ಕ್ಷಮೆಯೇ ಇಲ್ಲದ ನಾಲ್ಕು ಮುನ್ನುಡಿಗಳು ಮರು ಅನುವಾದಗಳವು. ಅಲ್ಲಿ ಹಿಂದಿನ ಅನುವಾದದ ಟೀಕೆ ಅದೇ ಕೆಲಸ ಮಾಡುತ್ತದೆ. ಹಾಗಾಗಿ ಮುನ್ನುಡಿಯ ಕ್ಷಮೆಯನ್ನು ಅನುವಾದಕರ ಸ್ವಭಾವದ ಗುರುತಾಗಿ ಓದುವುದಕ್ಕಿಂತ, ಓದುಗರ ನಂಬಿಕೆಯನ್ನು ಪಡೆಯುವ ಮಾತಾಗಿ ಓದಬೇಕು.”

ಏಳು ಮುನ್ನುಡಿಗಳನ್ನು ಬಿಟ್ಟಿದ್ದೇನೆ. ‘ಅಲ್ಪಮತಿ’ಯವು. ಅವು ನನ್ನ ವಾದಕ್ಕೆ ಬಗ್ಗುವುದಿಲ್ಲ. ಬಿಟ್ಟರೆ ಮೋಸ ಆಗುತ್ತದಾ?

ಪಿಎಚ್‌ಡಿ ಮಾಡುತ್ತಿರುವವರು:
ಸಾರಾಂಶದಲ್ಲಿ ಎಲ್ಲವೂ ಬರಲೇಬೇಕು ಅಂತ ಇಲ್ಲ ಅಲ್ವಾ? ಲೇಖನದಲ್ಲಿ ಇದ್ದರೆ ಸಾಕು. ನನ್ನದರಲ್ಲಿ ಬರೀ ‘ವಾದಿಸುತ್ತದೆ’ ಹಾಕಿ ದಾಟಿದ್ದೆ, ಈಗ ತೆಗೆದು ನೋಡಿದರೆ ಒಂದು ಕಡೆ ‘ಬಹುಮುಖಿ ಎಂದು ವಾದಿಸುತ್ತದೆ’ ಅಂತಲೇ ಇದೆ.

ಹಲವು ವರ್ಷ ಜರ್ನಲ್‌ಗಳಿಗೆ ಲೇಖನ ನೋಡಿಕೊಟ್ಟವರು:
ಮೋಸ ಅಲ್ಲ. ಆದರೆ 21 ಮತ್ತು 4 ಅಂತ ಬರೆದ ಮೇಲೆ ಓದುವವರು 32ರಿಂದ ಕಳೆದು ನೋಡುತ್ತಾರೆ. ಏಳು ಎಲ್ಲಿ ಹೋದವು ಅಂತ ಕೇಳುತ್ತಾರೆ. ‘ಏಳರಲ್ಲಿ ಸಾಂಪ್ರದಾಯಿಕ ವಿನಯವಷ್ಟೇ ಇದೆ’ ಅಂತ ನಾಲ್ಕು ಪದ ಸೇರಿಸಿ. ಇನ್ನೂ ಜಾಗ ಇದೆ. ನಿಮ್ಮ ವಾದ ‘ಅಧಿಕಾರವೂ ಹೌದು’ ಅಂತ ತಾನೇ ಇರುವುದು? ಆ ‘ಊ’ ಇರುವುದರಿಂದ ಏಳಕ್ಕೂ ಅಲ್ಲಿ ಜಾಗ ಇದೆ. ಕೊನೆಯ ವಾಕ್ಯ ಮಾತ್ರ ಅದನ್ನು ಮರೆತಿದೆ. ಅಲ್ಲಿ ‘ಹೆಸರಿಸಿ ಕೇಳುವ ಕ್ಷಮೆಯನ್ನು’ ಅಂತ ತಿದ್ದಿ.

ತತ್ವಶಾಸ್ತ್ರ ಓದಿಸುವವರು:
ನಾನಾದರೆ ಆ ಏಳನ್ನು ಸಾರಾಂಶಕ್ಕೆ ತರುವ ಮೊದಲು ಇನ್ನೊಮ್ಮೆ ಓದುತ್ತಿದ್ದೆ. ‘ಅಲ್ಪಮತಿ’ ಅಂದವರು ಏನನ್ನೂ ಹೆಸರಿಸದೆ ಇದ್ದದ್ದು ಯಾಕೆ? ಅವರ ಓದುಗರಿಗೆ ಮೂಲ ಗೊತ್ತಿತ್ತಾ?

ಕೇಳಿದವರು:
ಏಳರಲ್ಲಿ ಐದು ಪುಸ್ತಕಗಳಲ್ಲಿ ಮೂಲ ಎದುರು ಪುಟದಲ್ಲೇ ಅಚ್ಚಾಗಿದೆ! ಅದನ್ನು ಲೇಖನದಲ್ಲಿ ಎಲ್ಲೂ ಬರೆದಿಲ್ಲ. ಸಾರಾಂಶ ಕಳಿಸುವುದು ಎರಡು ವಾರ ಮುಂದಕ್ಕೆ ಹಾಕಲು ಕೇಳಿಕೊಂಡಿದ್ದೇನೆ. ಉಳಿದ ಎರಡು ಇನ್ನೂ ಗೊತ್ತಾಗುತ್ತಿಲ್ಲ.