ಪದ ಬೇಕು: ರಿಪೇರಿಗೆ ಬಾಡಿಗೆ ಮನೆಯೊಳಗೆ ಬರುತ್ತೇವೆ ಅಂತ ತಿಳಿಸುವ ಪತ್ರಕ್ಕೆ

ಸುಮಾ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ನಾಳೆ ಸಂಜೆಯೊಳಗೆ ಒಂದು ಪತ್ರ ಕೊಡಬೇಕು, ಸ್ವಲ್ಪ ಅರ್ಜೆಂಟು. ನಮ್ಮದೊಂದು ಹಂಚಿನ ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ಮಳೆ ಹಿಡಿಯುವ ಮೊದಲು ಹಂಚು ಕೈಯಾಡಿಸಬೇಕು. ಕಳೆದ ಮಳೆಗಾಲದಲ್ಲಿ ಅಡುಗೆಮನೆ ಮೂಲೆ ಸೋರಿತ್ತು. ಅಲ್ಲಿನ ಪಕಾಸಿಗೆ ಒರಲೆ ಹಿಡಿದಿದೆಯಾ ಅಂತ ಒಳಗಿನಿಂದಲೂ ನೋಡಬೇಕು. ಕೆಲಸದವರು ಗುರುವಾರ ಬರುತ್ತೇವೆ ಅಂದಿದ್ದಾರೆ. ಮೇ ತಿಂಗಳಲ್ಲಿ ಹಂಚಿನ ಕೆಲಸದವರು ಸಿಕ್ಕಿದ್ದೇ ಪುಣ್ಯ.

ಕರಾರು ಪತ್ರ ಇಂಗ್ಲಿಷಿನಲ್ಲಿದೆ. ‘ರೀಸನಬಲ್ ನೋಟಿಸ್’ ಕೊಟ್ಟು ತಪಾಸಣೆಗೋ ರಿಪೇರಿಗೋ ಒಳಗೆ ಬರಬಹುದು ಅಂತ ಬರೆದಿದೆ. ಮನೆಯಲ್ಲಿರುವವರು ‘ಕನ್ನಡದಲ್ಲೇ ಬರೆದುಕೊಡಿ’ ಅಂದರು. ಟೈಪಿಂಗ್ ಅಂಗಡಿಯವರು ‘ಸಮಂಜಸ ಗೃಹಪ್ರವೇಶ ಸೂಚನಾ ಪತ್ರ’ ಅಂತ ಹೊಡೆದುಕೊಟ್ಟಿದ್ದಾರೆ. ಅಮ್ಮ ಓದಿ ‘ಊಟಕ್ಕೆ ಎಷ್ಟು ಜನ?’ ಅಂತ ಕೇಳಿದರು. ಈ ‘ಸಮಂಜಸ’ಕ್ಕೆ ಮತ್ತು ‘ಸೂಚನೆ’ಗೆ ಜನ ಆಡುವ ಮಾತು ಹೇಳಿ.

ವಾಸುದೇವ, ಸಾಗರ

‘ತಕ್ಕ ಮುಂತಿಳಿಕೆ.’ ಮುಗಿಯಿತು.

ಮುಂಗಾರು, ಮುಂಬಾಗಿಲು, ಮುಂಗೋಪ ಇರುವಾಗ ಮುಂತಿಳಿಕೆ ಯಾಕಾಗಬಾರದು? ಉಳಿದದ್ದನ್ನೂ ತಿದ್ದಿಕೊಳ್ಳಿ. ಮಾಲೀಕ ಅರಬ್ಬಿ, ಕರಾರು ಅರಬ್ಬಿ, ದುರಸ್ತಿ ಪಾರಸಿ. ಮನೆಯೊಡೆಯ, ಒಪ್ಪಂದ, ಸರಿಪಡಿಕೆ ಅನ್ನಿ. ಬಾಡಿಗೆದಾರ ಎಂಬ ಕಲಸುಮೇಲೋಗರವೂ ಬೇಡ. ಒಕ್ಕಲು ಅಂದರೆ ನೆಲೆಸಿದವನು. ಅಷ್ಟು ಒಳ್ಳೆಯ ಪದ ಮನೆಯಲ್ಲೇ ಬಿದ್ದಿದೆ.

ನಾಗರಾಜ, ಹೊಸನಗರ

ಸುಮಾ ಮೇಡಂ, ಪದ ಆಮೇಲೆ ಹುಡುಕಿ. ಗುರುವಾರಕ್ಕೆ ಕೊಟ್ಟರೆ ಅದು ನೋಟೀಸೇ ಅಲ್ಲ. ಬಾಡಿಗೆ ಮನೆ ವಿಷಯದಲ್ಲಿ 15 ದಿನದ ನೋಟೀಸು ಕೊಡಲೇಬೇಕು, ಕಾನೂನಿದೆ. ನಮ್ಮ ಭಾವ ಹಾಗೆ ಕೊಡದೆ ಕೋರ್ಟಿಗೆ ಅಲೆದರು.

ರಫೀಕ್, ಶಿವಮೊಗ್ಗ

ನಾಗರಾಜಣ್ಣ, ನೀವು ಹೇಳುವ 15 ದಿನ ಇದೆ, ಆದರೆ ಅದು ಬೇರೆ ಕಾಗದದ್ದು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮು. ತಿಂಗಳ ಬಾಡಿಗೆಯನ್ನು ಕೊನೆಗೊಳಿಸುವಾಗ, ಅಂದರೆ ‘ಮನೆ ಬಿಡಿ’ ಅನ್ನುವಾಗ ಬೇಕಾದದ್ದು. ನಿಮ್ಮ ಭಾವನವರದ್ದು ಆ ಜಾತಿಯ ಕೇಸು ಇರಬೇಕು. ಹಂಚು ಕೈಯಾಡಿಸಲು ಅದು ಬೇಡ.

ಆದರೆ ನಿಮ್ಮ ಮಾತಿನಿಂದ ಒಂದು ಗೊತ್ತಾಯಿತು. ನಮ್ಮ ಕಡೆ ‘ಮನೆ ಓನರು ನೋಟೀಸು ಕೊಟ್ಟರಂತೆ’ ಅಂದರೆ ಕೇಳಿದವರು ಬೇರೆ ಮನೆ ಹುಡುಕಲು ಶುರು ಮಾಡುತ್ತಾರೆ. ಹಾಗಾಗಿ ಸುಮಾ ಅವರೇ, ತಲೆಬರಹದಲ್ಲಿ ನೋಟೀಸು ಹಾಕಬೇಡಿ. ‘ತಿಳಿವಳಿಕೆ ಪತ್ರ’ ಅನ್ನಿ. ಮೊದಲ ಸಾಲಿನಲ್ಲೇ ಇದು ಮನೆ ರಿಪೇರಿಗೆ ಸಂಬಂಧಿಸಿದ್ದು ಅಂತ ಬರೆಯಿರಿ.

ನಿಜವಾದ ತೊಡಕು ‘ಸಮಂಜಸ’ದಲ್ಲಿದೆ. ಅದರ ಅಡಿ ಎರಡು ಬೇರೆ ಸಂಗತಿ ಸೇರಿಕೊಂಡಿವೆ. ಒಂದು, ಎಷ್ಟು ಮೊದಲು ತಿಳಿಸಬೇಕು ಅನ್ನುವುದು. ಇನ್ನೊಂದು, ಯಾವ ಹೊತ್ತಿನಲ್ಲಿ ಬರಬೇಕು ಅನ್ನುವುದು. ಅದೇ ಕಾಯ್ದೆಯ 108ನೇ ಕಲಮಿನಲ್ಲಿ ಬಾಡಿಗೆದಾರನ ಹೊಣೆ ಹೇಳುವಾಗ, ಮಾಲೀಕನೋ ಅವನ ಕಡೆಯವರೋ ಯುಕ್ತವಾದ ಹೊತ್ತಿನಲ್ಲಿ ಬಂದು ಸ್ವತ್ತಿನ ಸ್ಥಿತಿ ನೋಡಲು ಬಿಡಬೇಕು ಅಂತಿದೆ. ಅಲ್ಲಿ ಎಷ್ಟು ಗಂಟೆ ಮೊದಲು ತಿಳಿಸಬೇಕು ಅನ್ನುವ ಮಾತೇ ಇಲ್ಲ. ಬರುವ ಹೊತ್ತು ಸರಿಯಾಗಿರಬೇಕು, ಅಷ್ಟೇ. ನಿಮ್ಮ ಕರಾರು ಅದರ ಮೇಲೆ ಮುಂಚೆ ತಿಳಿಸುವ ಷರತ್ತನ್ನೂ ಸೇರಿಸಿದೆ. ಈಗ ನೀವು ‘ಸೂಕ್ತ ಸಮಯ ನೀಡಿ’ ಅಂತ ಬರೆದರೆ ಎರಡರಲ್ಲಿ ಯಾವುದು ಅಂತ ಗೊತ್ತಾಗುವುದಿಲ್ಲ. ಮಾಲೀಕರು ‘ಬೆಳಗ್ಗೆ ಹತ್ತಕ್ಕೆ ಬಂದಿದ್ದೆ, ಸೂಕ್ತ ಸಮಯವೇ’ ಅನ್ನುತ್ತಾರೆ. ಬಾಡಿಗೆದಾರರು ‘ಒಂಬತ್ತೂವರೆಗೆ ಫೋನ್ ಮಾಡಿದಿರಿ’ ಅನ್ನುತ್ತಾರೆ. ಇಬ್ಬರೂ ಅದೇ ಸಾಲನ್ನು ತೋರಿಸುತ್ತಾರೆ.

ಹಾಗಾಗಿ ಪತ್ರದಲ್ಲಿ ಆ ವಿಶೇಷಣವೇ ಬೇಡ. ಅದು ಕರಾರಿನ ಮಾತು. ಪತ್ರದಲ್ಲಿ ವಾರ, ತಾರೀಕು, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಯಾರು ಬರುತ್ತಾರೆ, ಯಾಕೆ ಅಂತ ಬರೆದರೆ ಅದೇ ಸಮಂಜಸ.

ವಾಸುದೇವ, ಸಾಗರ

ವಕೀಲರು ಪದ ಕೇಳಿದರೆ ಪದವೇ ಬೇಡ ಅನ್ನುತ್ತಾರೆ. ‘ತಕ್ಕ’ಕ್ಕೆ ಏನು ಕೊರತೆ? ತಕ್ಕ ಹೊತ್ತು, ತಕ್ಕ ಬಿಡುವು. ಎರಡೂ ಆಯಿತಲ್ಲ.

ರಫೀಕ್, ಶಿವಮೊಗ್ಗ

ಮೇಷ್ಟ್ರೇ, ‘ತಕ್ಕ ಹೊತ್ತು’ ಮತ್ತು ‘ತಕ್ಕ ಬಿಡುವು’ ಅಂತ ಎರಡಾಗಿ ಒಡೆದಿರಲ್ಲ, ನಾನೂ ಅದನ್ನೇ ಹೇಳಿದ್ದು. ಮುಂದಿನ ಸಲ ಕರಾರು ಬರೆಯುವಾಗ ಹಾಗೇ ಹಾಕಬಹುದು. ‘ಮುಂತಿಳಿಕೆ’ ಮಾತ್ರ ಕೈಬಿಡಿ. ಓದಿದವರು ನಿಘಂಟು ತೆಗೆಯಬಾರದು.

ಚೈತ್ರಾ, ಶಿವಮೊಗ್ಗ

ನಾನು ಬಾಡಿಗೆ ಮನೆಯಲ್ಲಿರುವವಳು, ಆ ಕಡೆಯ ಮಾತು ಯಾರೂ ಆಡುತ್ತಿಲ್ಲ. ನಮ್ಮ ಓನರ್ ಹತ್ತಿರ ಇನ್ನೊಂದು ಕೀಲಿ ಇದೆ. ಒಂದು ದಿನ ಆಫೀಸಿನಿಂದ ಬಂದು ನೋಡಿದರೆ ಬಚ್ಚಲಿನ ನಲ್ಲಿ ಬದಲಾಗಿದೆ, ಒಣಗಲು ಹಾಕಿದ್ದ ಬಟ್ಟೆ ಕುರ್ಚಿ ಮೇಲೆ ರಾಶಿ ಬಿದ್ದಿದೆ. ಕೇಳಿದರೆ ‘ನಿಮಗೇ ಒಳ್ಳೇದಾಯ್ತಲ್ವಾ, ನಲ್ಲಿ ಸೋರ್ತಿತ್ತು’ ಅಂದರು. ನಲ್ಲಿ ಸರಿಯಾಯಿತು ನಿಜ. ಆದರೆ ನಾನಿಲ್ಲದಾಗ ಯಾರು ಯಾರು ಒಳಗೆ ಬಂದಿದ್ದರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇದಕ್ಕೊಂದು ಪದ ಹೇಳಿ, ನೋಡೋಣ. 24 ಗಂಟೆ ಮೊದಲು ತಿಳಿಸಬೇಕು ಅಂತ ಎಲ್ಲೋ ಓದಿದ್ದೆ, ಅದು ನಿಜವಾ?

ಗಿರೀಶ, ಕೊಪ್ಪ

ಪದ: ಅಧಿಕಪ್ರಸಂಗ.

ರಫೀಕ್, ಶಿವಮೊಗ್ಗ

ಚೈತ್ರಾ ಅವರೇ, 24 ಗಂಟೆ ಬಂದಿರುವುದು 2021ರ ಮಾದರಿ ಬಾಡಿಗೆ ಕಾಯ್ದೆಯಿಂದ. ಕೇಂದ್ರ ಸಂಪುಟ ಒಪ್ಪಿ ರಾಜ್ಯಗಳಿಗೆ ಕಳಿಸಿದ ನಮೂನೆ ಅದು. ಒಳಗೆ ಬರುವ ಕನಿಷ್ಠ 24 ಗಂಟೆ ಮೊದಲು ಬರಹದಲ್ಲಿ ತಿಳಿಸಬೇಕು, ಮೊಬೈಲಿನಲ್ಲಿ ಕಳಿಸಿದರೂ ನಡೆಯುತ್ತದೆ. ಕಾರಣ, ದಿನ, ಹೊತ್ತು ಹೇಳಬೇಕು. ಸೂರ್ಯ ಹುಟ್ಟುವ ಮೊದಲು, ಮುಳುಗಿದ ಮೇಲೆ ಬರುವಂತಿಲ್ಲ. ಬೆಂಕಿ, ನೆರೆ, ಭೂಕಂಪದಂಥ ಆಪತ್ತಿಗೆ ಮಾತ್ರ ವಿನಾಯಿತಿ. ಆದರೆ ಮಾದರಿ ಮಾದರಿಯೇ. ರಾಜ್ಯ ತನ್ನ ಕಾಯ್ದೆಯಾಗಿ ಮಾಡಿಕೊಳ್ಳದೆ ಅದು ತಾನಾಗಿ ನಿಮ್ಮ ಮನೆಗೆ ಬರುವುದಿಲ್ಲ. ಅಳತೆಗೋಲು ಅಂತ ಇಟ್ಟುಕೊಳ್ಳಲು ಚೆನ್ನಾಗಿದೆ. ಕರಾರಿನಲ್ಲಿ 24 ಗಂಟೆ ಅಂತ ಬರೆಸಿದರೆ ಅದು ಕರಾರಿನ ಬಲದಿಂದಲೇ ನಡೆಯುತ್ತದೆ.

ಕೀಲಿ ವಿಷಯಕ್ಕೆ ಪದ ಇದೆ: ಸ್ವಾಧೀನ. ಮನೆ ಅವರ ಒಡೆತನದ್ದು, ಸ್ವಾಧೀನ ನಿಮ್ಮದು. ಬಾಡಿಗೆ ಕೊಡುತ್ತಿರುವಷ್ಟು ದಿನ ಅಡ್ಡಿಯಿಲ್ಲದೆ ಅನುಭವಿಸುವ ಹಕ್ಕು 108ನೇ ಕಲಮಿನಲ್ಲೇ ಇದೆ. ಇನ್ನೊಂದು ಕೀಲಿ ಇಟ್ಟುಕೊಂಡದ್ದು ತಪ್ಪಲ್ಲ, ಕೇಳದೆ ತಿರುಗಿಸಿದ್ದು ತಪ್ಪು. ಇನ್ನು ಮುಂದೆ ರಿಪೇರಿ ಬೇಕಾದಾಗ ನೀವೇ ಮೊಬೈಲಿನಲ್ಲಿ ಬರೆದು ತಿಳಿಸಿ, ಬರುವ ದಿನವನ್ನೂ ಬರಹದಲ್ಲೇ ಕೇಳಿ.

ವಾಸುದೇವ, ಸಾಗರ

ಸ್ವಾಧೀನ, ಸಂಸ್ಕೃತ. ಇರವು ಅನ್ನಬಹುದಿತ್ತು. ಮತ್ತೆ ಮಾಲೀಕ, ಮಾಲೀಕ ಅಂತ ಬರೆಯುತ್ತಲೇ ಇದ್ದೀರಿ.

ಗಿರೀಶ, ಕೊಪ್ಪ

ಮೇಷ್ಟ್ರೇ, ‘ಬಾಡಿಗೆ’ ಕೂಡ ಸಂಸ್ಕೃತದ ಭಾಟಕದಿಂದ ಬಂದದ್ದು ಅಂತ ನೀವೇ ಹೋದ ವರ್ಷ ಇಲ್ಲಿ ಬರೆದಿದ್ದಿರಿ. ಅದನ್ನೂ ತೆಗೆದುಬಿಟ್ಟರೆ ಸುಮಾ ಅವರಿಗೆ ಮನೆಯೂ ಉಳಿಯಲ್ಲ, ಬಾಡಿಗೆಯೂ ಬರಲ್ಲ.

ಇನ್ನು ಒಡೆಯ, ಒಕ್ಕಲು. ಸಾಗರದಲ್ಲಿ ಕೂತು ಈ ಜೋಡಿಯನ್ನು ಹೇಗೆ ಬರೆದಿರೋ. 1951ರಲ್ಲಿ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ್ದು ಯಾರ ವಿರುದ್ಧ? ಭತ್ತ ಅಳೆಯುವ ಕೊಳಗದ ಜಗಳದಿಂದ ಎದ್ದ ಹೋರಾಟ ಅದು. ಬ್ಯಾಂಕಿಗೆ ಹೋಗಿಬಂದು ಮಾಡುವ ಒಬ್ಬರನ್ನು ‘ಒಕ್ಕಲು’ ಅಂತ ಕರೆದು, ಕೆಳಗೆ ‘ಒಡೆಯ’ ಅಂತ ಸಹಿ ಹಾಕಿದರೆ ಅವರು ಬಾಗಿಲು ತೆಗೆಯುತ್ತಾರಾ?

ವಾಸುದೇವ, ಸಾಗರ

ಚರಿತ್ರೆ ನನಗೂ ಗೊತ್ತು. ಪದದ ತಪ್ಪಲ್ಲ ಅದು, ಪದವನ್ನು ಹೊತ್ತವರ ತಪ್ಪು. ತದ್ಭವ ಕನ್ನಡವೇ ಅಂತಲೂ ಅದೇ ಪತ್ರದಲ್ಲಿ ಬರೆದಿದ್ದೆ. ಅರ್ಧ ಓದಬೇಡಿ.

ಸುಮಾ, ತೀರ್ಥಹಳ್ಳಿ

ದಯವಿಟ್ಟು ಜಗಳ ಗುರುವಾರದ ನಂತರ ಇಟ್ಟುಕೊಳ್ಳಿ. ರಫೀಕ್ ಅವರು ಹೇಳಿದ ಹಾಗೆ ಬರೆದಿದ್ದೇನೆ. ತಾರೀಕು, ಫೋನ್ ನಂಬರು ಮೂಲದಲ್ಲಿದೆ.

“ತಿಳಿವಳಿಕೆ ಪತ್ರ. ನೀವಿರುವ ಮನೆಯ ಹಂಚು ಕೈಯಾಡಿಸುವ ಬಗ್ಗೆ. ಬರುವ ಗುರುವಾರ ಬೆಳಗ್ಗೆ 9ರಿಂದ ಸಂಜೆ 5ರವರೆಗೆ ಹಂಚಿನ ಕೆಲಸದವರು ಮೂವರು ಮತ್ತು ನಾನು ಬರುತ್ತೇವೆ. ಒಡೆದ ಹಂಚು ಬದಲಿಸುವುದು, ಅಡುಗೆಮನೆ ಮೂಲೆಯ ಪಕಾಸಿ, ರೀಪು ನೋಡುವುದು ಇಷ್ಟೇ ಕೆಲಸ. ಒಳಗೆ ಅಡುಗೆಮನೆಗೆ ಮಾತ್ರ ಬರುತ್ತೇವೆ, ಅದು ಅರ್ಧ ಗಂಟೆಯ ಕೆಲಸ. ಆಗ ನಿಮ್ಮಲ್ಲಿ ಒಬ್ಬರು ಮನೆಯಲ್ಲಿದ್ದರೆ ಒಳ್ಳೆಯದು. ಹಂಚು ಎತ್ತಿದಾಗ ಇಲ್ಲಣ, ಧೂಳು ಉದುರುತ್ತದೆ. ಒಲೆ, ಪಾತ್ರೆ, ಅಕ್ಕಿ ಡಬ್ಬಿ ಮುಚ್ಚಿಡಿ. ಗುರುವಾರ ಮಳೆ ಬಂದರೆ ಶುಕ್ರವಾರ ಅದೇ ಹೊತ್ತಿಗೆ ಬರುತ್ತೇವೆ. ಈ ದಿನ ಅನುಕೂಲ ಇಲ್ಲದಿದ್ದರೆ ಬುಧವಾರ ಮಧ್ಯಾಹ್ನದೊಳಗೆ ತಿಳಿಸಿ, ಬೇರೆ ದಿನ ಮಾತಾಡಿಕೊಳ್ಳೋಣ. ಕೆಲಸದ ಖರ್ಚು ನಮ್ಮದು.”

ಚೈತ್ರಾ, ಶಿವಮೊಗ್ಗ

ಇಂಥ ಪತ್ರ ನನಗೆ ಬಂದಿದ್ದರೆ ರಜೆ ಹಾಕಿ ಚಹಾ ಮಾಡಿಕೊಡುತ್ತಿದ್ದೆ. ‘ಅಡುಗೆಮನೆಗೆ ಮಾತ್ರ’ ಅನ್ನುವ ಮಾತು ಇರಲಿ, ತೆಗೆಯಬೇಡಿ.

ರಫೀಕ್, ಶಿವಮೊಗ್ಗ

ಚೆನ್ನಾಗಿದೆ. ಎರಡು ಮಾತು. ಶುಕ್ರವಾರವೂ ಮಳೆ ಬಂದರೆ ಹೊಸದಾಗಿ ತಿಳಿಸಿ, ಇದೇ ಪತ್ರ ಹಿಡಿದುಕೊಂಡು ಶನಿವಾರ ಹೋಗಬೇಡಿ. ಮತ್ತೆ, ಕಾಗದ ಕೈಯಲ್ಲಿ ಕೊಟ್ಟು ಪ್ರತಿಯ ಮೇಲೆ ‘ತಲುಪಿದೆ’ ಅಂತ ತಾರೀಕು, ಗಂಟೆ ಹಾಕಿಸಿ ಸಹಿ ತೆಗೆದುಕೊಳ್ಳಿ. ಎಷ್ಟು ಮೊದಲು ತಿಳಿಸಿದಿರಿ ಅನ್ನುವುದಕ್ಕೆ ಅದೇ ಸಾಕ್ಷಿ. ಸಹಿಗೆ ಹಿಂಜರಿದರೆ ಫೋಟೋ ತೆಗೆದು ಅವರ ಮೊಬೈಲಿಗೆ ಕಳಿಸಿ.

ನಾಗರಾಜ, ಹೊಸನಗರ

ಅವರು ಆಗಲ್ಲ ಅಂದರೆ? ಮಳೆ ಕಾಯಲ್ಲ. ಸೋರಿ ಗೋಡೆ ಕುಸಿದರೆ ಯಾರು ಹೊಣೆ?

ರಫೀಕ್, ಶಿವಮೊಗ್ಗ

ಒಮ್ಮೆ ಆಗಲ್ಲ ಅಂದರೆ ಬೇರೆ ದಿನ. ಪದೇ ಪದೇ ಆಗಲ್ಲ ಅಂದರೆ ಕರಾರು ಮುರಿದ ಹಾಗೆ, ಅದನ್ನು ಬರಹದಲ್ಲಿ ಹೇಳಿ. ಬೀಗ ಮಾತ್ರ ಮುಟ್ಟಬೇಡಿ. ಮರ ಬಿದ್ದು ಮಾಡು ಕುಸಿಯುತ್ತಿದ್ದರೆ ಆ ಮಾತು ಬೇರೆ. ಒರಲೆ ಹಿಡಿದ ಪಕಾಸಿ ಆ ಸಾಲಿಗೆ ಸೇರುತ್ತದಾ ಅನ್ನುವುದರಲ್ಲಿ ನಮ್ಮ ಬಾರಿನಲ್ಲೇ ಇಬ್ಬರು ಒಂದೇ ಮಾತು ಹೇಳಲ್ಲ.

ವಾಸುದೇವ, ಸಾಗರ

‘ತಿಳಿವಳಿಕೆ’ ಅಂದರೆ ಬುದ್ಧಿ. ‘ತಿಳಿವಳಿಕೆ ಪತ್ರ’ ಅಂದರೆ ಬುದ್ಧಿ ಹೇಳುವ ಪತ್ರ ಆಯಿತು. ಇರಲಿ, ಕೇಳುವವರಿಲ್ಲ. ಕೆಳಗೆ ‘ಮಾಲೀಕರು’ ಅಂತ ಹಾಕುತ್ತೀರೋ?

ಸುಮಾ, ತೀರ್ಥಹಳ್ಳಿ

ಬರೀ ಹೆಸರು ಹಾಕಿ ಸಹಿ ಮಾಡಿದೆ ಮೇಷ್ಟ್ರೇ. ಈಗ ಕೊಟ್ಟು ಬರುತ್ತೇನೆ.