ಅಪ್‌ಡೇಟ್: ಕೋಣೆಗೆ ಪೇಂಟ್ ಎಷ್ಟು ಬೇಕಾಯ್ತು?

ನಾನು ಕೇಳಿದ್ದು: "ಬದಿಯಡ್ಕದ ಮನೆಯ ಕೋಣೆ 12×10 ಅಡಿ, ಎತ್ತರ 10. ಗೋಡೆಗೆ ಎರಡು ಕೋಟ್ ಹೊಡೆಯಲು ಆರೂವರೆ ಲೀಟರ್ ಲೆಕ್ಕ ಬರ್ತಿದೆ. ಸರಿಯಾ?"

ಸರಿಯಿರಲಿಲ್ಲ! ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿ ಅಂದವರಿಗೆ ಥ್ಯಾಂಕ್ಸ್. ನನ್ನ ಡಬ್ಬದಲ್ಲಿದ್ದ "ಲೀಟರಿಗೆ 120 ಚದರಡಿ" ಎರಡು ಕೋಟ್ ಸೇರಿಸಿಯೇ ಇತ್ತು. ನಾನು ಅದನ್ನು ಒಂದು ಕೋಟ್ ಅಂದುಕೊಂಡು ಮತ್ತೆ ಎರಡರಿಂದ ಗುಣಿಸಿದ್ದೆ.

ನಾಲ್ಕು ಗೋಡೆ 440 ಚದರಡಿ. ಬಾಗಿಲು 21, ಎರಡು ಕಿಟಕಿ 32 ಕಳೆದರೆ 387. ಅದನ್ನು 120ರಿಂದ ಭಾಗಿಸಿದರೆ 3.2 ಲೀಟರ್. ಹತ್ತು ಲೀಟರಿನ ಡಬ್ಬ ಬಿಟ್ಟು ನಾಲ್ಕರದ್ದು ತಂದೆ. ಕೊನೆಗೆ ಉಳಿದದ್ದು ಒಂದು ಲೋಟದಷ್ಟು. ಮಳೆ ಹೊಡೆಯುವ ಪಡುವಣ ಗೋಡೆಗೆ ಹೊಸ ಪುಟ್ಟಿ ಹಾಕಿ, ಪ್ರೈಮರ್ ಮರೆತಿದ್ದೆವು. ಮೊದಲ ಕೋಟನ್ನು ಅದು ಕುಡಿದೇಬಿಟ್ಟಿತು, ಒಣಗಿದ ಮೇಲೆ ಅಲ್ಲಲ್ಲಿ ಮಾಸಲು ಮಚ್ಚೆ.

ಪೇಂಟ್ ಹೊಡೆಯುವ ಜಾಗ ನೆಲದ ಅಳತೆಯ ಮೂರೂವರೆ ಪಟ್ಟು ಅನ್ನುವ ಸಲಹೆ ನನಗೆ ಹೊಂದಲಿಲ್ಲ. ಅದು ಸೀಲಿಂಗ್ ಸೇರಿ 420 ಅಂತು, ಟೇಪ್ ಹಿಡಿದರೆ 507. ಸಣ್ಣ ಕೋಣೆಯಲ್ಲಿ ನೆಲಕ್ಕಿಂತ ಗೋಡೆ ಜಾಸ್ತಿ ಅಲ್ವಾ.

ಕೂಲಿಯಲ್ಲಿ ಮಾತ್ರ ನಾನು ಸೋತೆ. ಚದರಡಿಗೆ 12 ರೂಪಾಯಿ ಮಾತಾಗಿತ್ತು. ಪೇಂಟರಣ್ಣ ಬಾಗಿಲು, ಕಿಟಕಿ ಕಳೆಯದೆ 440ಕ್ಕೇ ಹಿಡಿದು 5,280 ಅಂದರು. "ಅಂಚು ಬಿಡಿಸಲಿಕ್ಕೇ ಹೊತ್ತು ಹೋಗುವುದು ಮಾರಾಯ್ರೇ" ಅಂದರು. ಕಿಟಕಿ ಸರಳಿನ ಬದಿಗೆ ಅವರು ಚಿಕ್ಕ ಬ್ರಷ್ ಎಳೆಯುವುದು ನೋಡಿದ ಮೇಲೆ 636 ರೂಪಾಯಿಗೆ ಜಗಳ ಆಡಲಿಲ್ಲ.