ಉದ್ದದ ಕೂಡಿಕೆ ಸರಿಯಾಗಿದೆಯಾ? ಒಂಬತ್ತು ಕಳೆದು ನೋಡಿದವರು ಹೇಳಿ

ಕುಂಬಳೆಯಿಂದ, ಸಂಘದ ಲೆಕ್ಕ ಬರೆಯುವವರು: ಮಹಿಳಾ ಸಂಘದ ಪುಸ್ತಕ ನಾನೇ ಬರೆಯುವುದು. ಒಂದು ಪುಟಕ್ಕೆ ಮೂವತ್ತು ಸಾಲು. ಕ್ಯಾಲ್ಕುಲೇಟರಿನಲ್ಲಿ ಎರಡು ಸಲ ಒತ್ತಿದರೆ ಎರಡು ಉತ್ತರ. ನಮ್ಮ ಅಜ್ಜ ಒಂಬತ್ತು ಕಳೆದು ತಾಳೆ ನೋಡುತ್ತಿದ್ದರಂತೆ. ಅದು ಹೇಗೆ? ನಂಬಬಹುದಾ?

ಬದಿಯಡ್ಕ, ಅಡಿಕೆ ವ್ಯಾಪಾರ: ಧಾರಾಳವಾಗಿ ನಂಬಿ ಅಕ್ಕ. ಪ್ರತಿ ಸಾಲಿನ ಅಂಕಿಗಳನ್ನು ಕೂಡಿಸಿ ಒಂದೇ ಅಂಕಿಗೆ ಇಳಿಸಿ. 9 ಬಂದರೆ ಸೊನ್ನೆ. ಆ ಉಳಿಕೆಗಳನ್ನೆಲ್ಲ ಕೂಡಿಸಿ ಮತ್ತೆ ಒಂದೇ ಅಂಕಿ ಮಾಡಿ. ಮೊತ್ತದ ಉಳಿಕೆಯೂ ಅದೇ ಬಂದರೆ ಲೆಕ್ಕ ಸರಿ. ಮತ್ತೆ ನೋಡುವ ಕೆಲಸವೇ ಇಲ್ಲ.

ಪೆರ್ಲ, ನಿವೃತ್ತ ಗಣಿತ ಮಾಸ್ಟ್ರು: ವಿಧಾನ ಸರಿ, ಕೊನೆಯ ಮಾತು ಸರಿಯಲ್ಲ. ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಐದು ಸಾಲು: 48375, 16908, 7264, 29531, 5847. ಮೊತ್ತ 107925.

ಮೊದಲ ಸಾಲಿನ ಅಂಕಿಗಳ ಮೊತ್ತ 27, ಅಂದರೆ ಉಳಿಕೆ 0. ಉಳಿದವುಗಳದ್ದು 6, 1, 2, 6. ಎಲ್ಲ ಸೇರಿ 15, ಅಂದರೆ 6. ಇತ್ತ 107925ರ ಅಂಕಿಗಳು ಸೇರಿ 24, ಅದೂ 6. ತಾಳೆ ಆಯಿತು. ಎಲ್ಲೋ ಒಂದು ದಶಕ ಕೂಡಿಸಲು ಮರೆತು 106925 ಬರೆದಿದ್ದರೆ ಉಳಿಕೆ 5 ಬರುತ್ತಿತ್ತು, ತಪ್ಪು ಕೂಡಲೇ ಗೊತ್ತಾಗುತ್ತಿತ್ತು.

ಇದು ನಡೆಯುವುದು ಯಾಕೆಂದರೆ, ದಶಕ ಒಯ್ಯುವಾಗ ಒಂದು ಮನೆಯಲ್ಲಿ ಹತ್ತು ಹೋಗಿ ಪಕ್ಕದ ಮನೆಗೆ ಒಂದು ಬರುತ್ತದೆ. ಅಂಕಿಗಳ ಮೊತ್ತ ಸರಿಯಾಗಿ ಒಂಬತ್ತು ಇಳಿಯುತ್ತದೆ. ಒಂಬತ್ತನ್ನು ನಾವು ಹೇಗೂ ಬಿಟ್ಟುಬಿಡುತ್ತೇವೆ.

ಆದರೆ 107925ನ್ನು 107952 ಎಂದು ಬರೆದು ನೋಡಿ. ಅಂಕಿಗಳು ಅವೇ, ಉಳಿಕೆಯೂ ಅದೇ 6. ಪುಸ್ತಕ ಬರೆಯುವಾಗ ಜಾಸ್ತಿ ಆಗುವ ತಪ್ಪೇ ಇದು, ಅಲ್ವಾ? ಸೊನ್ನೆ ಜಾಸ್ತಿ ಬಿದ್ದರೂ ಒಂಬತ್ತಿಗೆ ತಿಳಿಯುವುದಿಲ್ಲ.

ಮಂಜೇಶ್ವರ, ಅರ್ಜಿ ಬರೆದುಕೊಡುವವರು: ಇದು ಆಧಾರ್ ನಂಬರಿನ ಹಾಗೆ ಅಲ್ವಾ? ನಾನೊಮ್ಮೆ ಒಬ್ಬರ ನಂಬರಿನಲ್ಲಿ ಎರಡು ಅಂಕಿ ಅದಲು ಬದಲು ಮಾಡಿ ಟೈಪ್ ಮಾಡಿದೆ. ಪರದೆ ಒಪ್ಪಲೇ ಇಲ್ಲ. ಅಲ್ಲಿ ಒಂಬತ್ತು ಕಳೆದೇ ಹಿಡಿಯುತ್ತಾರಾ?

ಪೆರ್ಲ, ಮಾಸ್ಟ್ರು: ಒಂಬತ್ತು ಕಳೆದರೆ ನಿಮ್ಮ ಆ ತಪ್ಪು ಸಿಗುತ್ತಲೇ ಇರಲಿಲ್ಲ. ಆಧಾರಿನ ಹನ್ನೆರಡನೇ ಅಂಕಿ ತಾಳೆಗೆಂದೇ ಇಟ್ಟದ್ದು. ವರ್ಹೂಫ್ ಎಂಬವರ ವಿಧಾನ ಅದು. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಬೇರೆ ಬೇರೆ ಅಂಕಿಗಳು ಅದಲು ಬದಲಾದರೂ ಖಂಡಿತ ಹಿಡಿಯುತ್ತದೆ. ಆದರೆ ಅದನ್ನು ಕೈಯಲ್ಲಿ ಮಾಡುವುದು ಕಷ್ಟ. ಕೂಡಿಕೆಗೆ ಹನ್ನೊಂದು ಕಳೆಯುವುದು ಸಾಕು.

ಬಲದಿಂದ ಶುರುಮಾಡಿ ಒಂದು ಅಂಕಿ ಕೂಡಿಸಿ, ಮುಂದಿನದು ಕಳೆಯಿರಿ, ಹಾಗೇ ಹೋಗಿ. 107925ಕ್ಕೆ 5−2+9−7+0−1, ಅಂದರೆ 4. ಮೈನಸ್ ಬಂದರೆ 11 ಸೇರಿಸಿ, 11 ಅಥವಾ ಜಾಸ್ತಿ ಬಂದರೆ 11 ಕಳೆಯಿರಿ. ಮೇಲಿನ ಐದು ಸಾಲಿಗೆ 8, 1, 4, 7, 6 ಬರುತ್ತವೆ. ಸೇರಿಸಿದರೆ 26, ಎರಡು ಹನ್ನೊಂದು ತೆಗೆದರೆ 4. ತಾಳೆ. 107952ಕ್ಕೆ 9 ಬರುತ್ತದೆ, ಸಿಕ್ಕಿಬಿತ್ತು. ಆದರೆ ನಡುವೆ ಒಂದು ಮನೆ ಬಿಟ್ಟು ಅದಲು ಬದಲಾದರೆ ಹನ್ನೊಂದೂ ಹಿಡಿಯದು.

ಉಪ್ಪಳ, ದಿನಸಿ ಅಂಗಡಿ: ಇಷ್ಟೆಲ್ಲ ಮಾಡುವ ಹೊತ್ತಿಗೆ ನಾನು ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡಿಸಿ ಮುಗಿಸುತ್ತೇನೆ. ಮೂವತ್ತು ವರ್ಷದಿಂದ ಹಾಗೇ.

ಪೆರ್ಲ, ಮಾಸ್ಟ್ರು: ಅದೂ ಒಳ್ಳೆಯದೇ. ಆದರೆ ರಸೀದಿಯಿಂದ ಪುಸ್ತಕಕ್ಕೆ ತಪ್ಪಾಗಿ ಇಳಿಸಿದ್ದರೆ ಮೇಲಿಂದ ಕೂಡಿಸಿದರೂ ಕೆಳಗಿಂದ ಕೂಡಿಸಿದರೂ ಅದೇ ತಪ್ಪು ಮೊತ್ತ. ಉಳಿಕೆಯೂ ಪುಸ್ತಕದ ಅಂಕಿಯಿಂದಲೇ ತೆಗೆದರೆ ಪ್ರಯೋಜನವಿಲ್ಲ. ರಸೀದಿ ಕೈಯಲ್ಲಿರುವಾಗಲೇ ಅದನ್ನು ನೋಡಿ ಹನ್ನೊಂದರ ಉಳಿಕೆ ತೆಗೆದು, ಪುಸ್ತಕದ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಬರೆಯಿರಿ. ತಾಳೆ ನೋಡುವಾಗ ಆ ಕೆಂಪು ಅಂಕಿಗಳನ್ನೇ ಕೂಡಿಸಿ.

ಉಪ್ಪಳ, ದಿನಸಿ ಅಂಗಡಿ: ಗಿರಾಕಿ ನಿಂತಿರುವಾಗ ಅದು ಆಗುವ ಕೆಲಸ ಅಲ್ಲ ಮಾಸ್ಟ್ರೇ.

ಬದಿಯಡ್ಕ, ಅಡಿಕೆ ವ್ಯಾಪಾರ: ಒಂದು ಸೇರಿಸುತ್ತೇನೆ. ಕೈಯಲ್ಲಿರುವ ಹಣಕ್ಕೂ ಪುಸ್ತಕಕ್ಕೂ ಬರುವ ವ್ಯತ್ಯಾಸವನ್ನು 9ರಿಂದ ಭಾಗಿಸಿ ನೋಡಿ. ಸರಿಯಾಗಿ ಹೋದರೆ ಮೊದಲು ಅದಲು ಬದಲಾದ ಅಂಕಿ ಹುಡುಕಿ, ಆಮೇಲೆ ಸೊನ್ನೆ.

ಕುಂಬಳೆ: ಹೋದ ತಿಂಗಳು ಪುಸ್ತಕದಲ್ಲಿ 270 ರೂಪಾಯಿ ಜಾಸ್ತಿ ಇತ್ತು. ಭಾಗಿಸಿದೆ, 30 ಬಂತು. ಮೊದಲು 30 ರೂಪಾಯಿಯನ್ನು 300 ಬರೆದಿದ್ದೇನಾ ಎಂದು ನೋಡಿದೆ, ಇರಲಿಲ್ಲ. ಆಮೇಲೆ ನೂರರ ಮನೆ, ಹತ್ತರ ಮನೆಗಳಲ್ಲಿ ಮೂರು ಅಂತರದ ಅಂಕಿ ಇರುವ ಸಾಲುಗಳನ್ನು ಮಾತ್ರ ರಸೀದಿ ಜೊತೆ ಇಟ್ಟು ನೋಡಿದೆ. ರಸೀದಿಯಲ್ಲಿ 1470, ಪುಸ್ತಕದಲ್ಲಿ 1740. ನಾಲ್ಕನೇ ರಸೀದಿಯಲ್ಲೇ ಸಿಕ್ಕಿತು. ಕೆಂಪು ಪೆನ್ನು ಇವತ್ತೇ ತಂದೆ.